ನಲವತ್ತೊಂದನೇ ಸ್ಲೈಡಿಗೆ ಧನ್ಯವಾದ

ಮೊನ್ನೆ ಶನಿವಾರದ ಸಿಟ್ಟು ಇನ್ನೂ ಇಳಿದಿಲ್ಲ. ಉಡುಪಿಯಲ್ಲಿ ಕರಾವಳಿಯ ಬೆಳೆಗಳ ಬಗ್ಗೆ ಒಂದು ವಿಚಾರ ಸಂಕಿರಣ. ಹಿಂದಿನ ದಿನ ರಾತ್ರಿ ಎಂಟೂವರೆಗೆ ಸಂಚಾಲಕರ ಫೋನ್. "ಧನ್ಯವಾದ ನೀವೇ ಹೇಳಬೇಕು ಮಾರಾಯ್ರೆ. ಮೂರೇ ನಿಮಿಷ. ಆಮಂತ್ರಣ ಪತ್ರಿಕೆ, ಸ್ಲೈಡು ಎಲ್ಲ ವಾಟ್ಸಾಪ್ ಮಾಡಿದ್ದೇನೆ. ನೋಡಿ ಬರೆದರಾಯ್ತು."

"ನೋಡಿ ಬರೆದರಾಯ್ತು" ಅನ್ನುವವರು ಯಾರೂ ಜನ್ಮದಲ್ಲಿ ಒಂದು ಧನ್ಯವಾದ ಬರೆದಿರುವುದಿಲ್ಲ.

ಆಮಂತ್ರಣ ಪತ್ರಿಕೆಯಲ್ಲಿ 27 ಹೆಸರುಗಳಿದ್ದವು. ಡಾಕ್ಟರಿಂದ ಶುರು ಮಾಡಿ ಹುದ್ದೆ, ಕಾಲೇಜು, ಊರು ಮುಟ್ಟುವಷ್ಟರಲ್ಲಿ ಒಂದು ಹೆಸರಿಗೆ ಆರು ಸೆಕೆಂಡು. ಮೊಬೈಲು ಹಿಡಿದು ಲೆಕ್ಕ ಹಾಕಿದೆ: 162 ಸೆಕೆಂಡು. ಧನ್ಯವಾದ ಹೇಳಲಿಕ್ಕೆ ಉಳಿಯುವುದು 18. ಹಾಗಾಗಿ ಉದ್ಘಾಟಕರು, ಅಧ್ಯಕ್ಷರು, ಮೂವರು ಉಪನ್ಯಾಸಕರು, ಇಷ್ಟು ಜನರಿಗೆ ಮಾತ್ರ ಹೆಸರು. ಆಡಳಿತ ಮಂಡಳಿ, ದಾನಿಗಳು, ಸ್ವಯಂಸೇವಕರು ಎಲ್ಲ ಗುಂಪಿನಲ್ಲಿ.

ಉಪನ್ಯಾಸಕರಿಗೆ ಬರೀ ಹೆಸರು ಸಾಲದು, ಒಬ್ಬೊಬ್ಬರಿಗೆ ಒಂದೊಂದು ಸಾಲು ಬೇಕು. "ವಿದ್ವತ್ಪೂರ್ಣ ಉಪನ್ಯಾಸ" ಅಂದರೆ ಧನ್ಯವಾದದವ ನಿದ್ದೆ ಮಾಡಿದ್ದ ಅಂತ ಸಭೆಗೆ ಗೊತ್ತಾಗುತ್ತದೆ. ಆ ಸಾಲಿಗಾಗಿಯೇ ಸ್ಲೈಡುಗಳು.

ಒಬ್ಬ ಉಪನ್ಯಾಸಕರ `Mattu_Gulla_final_final2.pptx` ತೆರೆದೆ. ಮೊದಲ ಸ್ಲೈಡಿನಲ್ಲಿ ಯಾವುದೋ ಹಳೆಯ ಸಂಕಿರಣದ ಹೆಸರು ಹಾಗೇ ಉಳಿದಿತ್ತು. ಅದರ ಪ್ರಕಾರ ಇವರು ಸಹಾಯಕ ಪ್ರಾಧ್ಯಾಪಕರು. ಆಮಂತ್ರಣ ಪತ್ರಿಕೆಯ ಪ್ರಕಾರ ಸಹ ಪ್ರಾಧ್ಯಾಪಕರು. ಮರುದಿನ ಬೆಳಿಗ್ಗೆ ಗೋಳಿಬಜೆ ಹೊತ್ತಿಗೆ ಅವರನ್ನೇ ಕೇಳಿದೆ. "ಈಗ ವಿಭಾಗದ ಮುಖ್ಯಸ್ಥ, ಎರಡು ವರ್ಷ ಆಯಿತು" ಅಂದರು. ಮುಖ ಸ್ವಲ್ಪ ಬಿಗಿದಿತ್ತು.

ಒಟ್ಟು 52 ಸ್ಲೈಡು. "ಉದ್ದೇಶಗಳು" ಅಂತ ಇದ್ದದ್ದನ್ನೆಲ್ಲ ಹಾರಿಸಿದೆ, ಅದು ಎಲ್ಲರದ್ದೂ ಒಂದೇ. ಊಟಕ್ಕೆ ಕುಳಿತಾಗಲೂ ಜನರಿಗೆ ನೆನಪಿರುವಂಥ ಒಂದು ವಿಷಯ ನನಗೆ ಬೇಕಿತ್ತು. 41ನೇ ಸ್ಲೈಡಿನಲ್ಲಿ ಸಿಕ್ಕಿತು. ದುಂಡಗಿನ ಹಸಿರು ಬದನೆ, ಮಟ್ಟುಗುಳ್ಳದ ಚಿತ್ರ. ಪಕ್ಕದಲ್ಲಿ, ಸೋದೆಯ ವಾದಿರಾಜರು ಮಟ್ಟು ಊರಿನವರಿಗೆ ಇದರ ಬೀಜ ಕೊಟ್ಟರು ಎಂಬ ಪ್ರತೀತಿ. ಕೆಳಗೆ, 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ ಸುದ್ದಿ. ನಾನು ಬರೆದೆ: "ವಾದಿರಾಜರ ಬೀಜದ ಕತೆಯನ್ನು ಮನಮುಟ್ಟುವಂತೆ ಹೇಳಿ, ಆ ಬೀಜವನ್ನು ಇಂದು ನಮ್ಮ ಅಂಗೈಯಲ್ಲಿಟ್ಟವರು..." ರಾತ್ರಿ ಹನ್ನೊಂದಕ್ಕೆ ಹೆಂಡತಿಗೆ ಓದಿ ಹೇಳಿದೆ. "ಮಲಗಿ" ಅಂದಳು.

ಅವರಿಗೆ ಕೊಟ್ಟದ್ದು 25 ನಿಮಿಷ. ಅದರಲ್ಲಿ ಎಂಟು ನಿಮಿಷ ಸಂಘಟಕರಿಗೆ ಅವರೇ ಧನ್ಯವಾದ ಹೇಳಿದರು, ಅಂದರೆ ನನ್ನ ಕೆಲಸ. ಆಮೇಲೆ ಮಣ್ಣು. ಮತ್ತೆ ಮಣ್ಣು. 17ನೇ ಸ್ಲೈಡಿಗೆ ಗಂಟೆ ಬಾರಿಸಿತು. "ಒಂದೇ ನಿಮಿಷ" ಅಂತ ಮೂರು ಸಲ ಹೇಳಿ, ಗುಂಡಿ ಒತ್ತುತ್ತಲೇ ಹೋದರಂತೆ. ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲದ ರೈಲಿನ ಹಾಗೆ ಮಟ್ಟುಗುಳ್ಳ ದಾಟಿಹೋಯಿತಂತೆ. "ಅಂತೆ" ಯಾಕೆಂದರೆ ನಾನು ಒಳಗಿರಲಿಲ್ಲ. "ಇವರನ್ನು ಬಿಡಬೇಡಿ" ಅಂತ ಸಂಚಾಲಕರು ಕೊಟ್ಟ ನಾಲ್ಕನೇ ಚೀಟಿಯನ್ನು ಎಲ್ಲಿ ತುರುಕುವುದು ಎಂದು ವರಾಂಡದಲ್ಲಿ ಒದ್ದಾಡುತ್ತಿದ್ದೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ನನ್ನ ಸರದಿ. ವಾದಿರಾಜರ ಸಾಲು ಓದಿದೆ, ರಾಗವಾಗಿಯೇ. ಸಭೆ ತಣ್ಣಗಾಯಿತು. ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರನ್ನು ಕೇಳಿದ್ದು ಮೈಕಿಗೂ ಕೇಳಿಸಿತು: "ವಾದಿರಾಜರ ಕತೆ ಯಾವಾಗ ಹೇಳಿದ್ರು?" "ಹೇಳಿರಬೇಕು. ನನಗೆ ಸ್ವಲ್ಪ ನಿದ್ದೆ ಬಂದಿತ್ತು."

ಉಪನ್ಯಾಸಕರು ಎದ್ದರು. ಸಿಟ್ಟು ಬಂತೇನೋ ಅಂದುಕೊಂಡೆ. ಇಲ್ಲ, ಮುಖ ಅರಳಿತ್ತು. ಮೈಕು ತಗೊಂಡು, "ಸಮಯದ ಅಭಾವದಿಂದ ಆ ಭಾಗ ಹೇಳಲಾಗಲಿಲ್ಲ. ನೆನಪಿಸಿದ ಮಿತ್ರರಿಗೆ ಧನ್ಯವಾದ" ಅಂದು, 41ಕ್ಕೂ ಹೋಗದೆ, 18ರಿಂದ ಶುರು ಮಾಡಿದರು! ಊಟದ ಹಾಲಿನಿಂದ ಗುಳ್ಳದ ಹುಳಿಯ ಪರಿಮಳ ಬರುತ್ತಿತ್ತು. ಜನ ಒಬ್ಬೊಬ್ಬರೇ ಮೊಬೈಲು ಕಿವಿಗಿಟ್ಟುಕೊಂಡು ಎದ್ದರು, ಯಾರಿಗೂ ಕರೆ ಬಂದಿರಲಿಲ್ಲ. ಹದಿನಾಲ್ಕು ನಿಮಿಷ! ಬಾಗಿಲಲ್ಲಿ ನಿಂತ ಸಂಚಾಲಕರು ನೋಡುತ್ತಿದ್ದದ್ದು ಅವರನ್ನಲ್ಲ, ನನ್ನನ್ನು.

ಇನ್ನು ಮೇಲೆ ಸ್ಲೈಡು ನೋಡಿ ಬರೆದ ಸಾಲನ್ನೆಲ್ಲ ಪೆನ್ಸಿಲಿನಲ್ಲೇ ಬರೆಯುತ್ತೇನೆ, ಪಕ್ಕದಲ್ಲಿ ಸ್ಲೈಡಿನ ನಂಬರು. ಎರಡನೇ ಸಾಲಿನಲ್ಲಿ ಕುಳಿತು, ಗಂಟೆ ಬಾರಿಸಿದ ನಂಬರಿನಿಂದ ಆಚೆಯದ್ದನ್ನು ಅಲ್ಲೇ ಹೊಡೆದುಹಾಕುವುದು. ಚೀಟಿ ತರುವವರಿಗೆ ಮುಂಚೆಯೇ ಹೇಳುವುದು: ಉದ್ಘಾಟನೆ ಮುಗಿದ ಮೇಲೆ ಚೀಟಿ ತಗೊಳ್ಳುವುದಿಲ್ಲ. ಅವರು ಕೇಳುವುದಿಲ್ಲ, ಅದು ಬೇರೆ ಮಾತು.

ಕೊನೆಗೆ ನನ್ನ ಉಳಿದ ಅರ್ಧ ಭಾಷಣ ಓದುವಾಗ ಹಾಲಿನಲ್ಲಿ ಇದ್ದದ್ದು ಮೈಕಿನವರೊಬ್ಬರೇ. ಬೆಳಿಗ್ಗೆ ಏಳಕ್ಕೇ ಬಂದು ವಯರು ಎಳೆದವರು. ಆಮಂತ್ರಣ ಪತ್ರಿಕೆಯಲ್ಲೂ ಇಲ್ಲ, ಸ್ಲೈಡಿನಲ್ಲೂ ಇಲ್ಲ, ನಾಲ್ಕು ಚೀಟಿಯಲ್ಲೂ ಇಲ್ಲ. ನಾನು ಬರೆದದ್ದು "ಧ್ವನಿವರ್ಧಕದವರು" ಅಂತ. ಅವರನ್ನೇ ನೋಡಿಕೊಂಡು ಅದನ್ನು ಓದುವಾಗ ನಾಲಿಗೆ ಸ್ವಲ್ಪ ತಡವರಿಸಿತು. ಕೆಳಗಿಳಿದು, "ಅಣ್ಣಾ, ನಿಮ್ಮ ಹೆಸರು?" ಅಂದೆ. ಹೇಳಿದರು. ವಯರು ಸುತ್ತುತ್ತಾ ಕೇಳಿದರು: "ಹಾಗಾದರೆ ಆ ಗುಳ್ಳದ ಬೀಜದ ಕತೆ ಏನು ಸರ್? ಕೊನೆಗೂ ಅವರು ಹೇಳಲೇ ಇಲ್ಲ ಅಲ್ವಾ?"