ಆಡಿಟ್ ಆಗಿತ್ತು ಸ್ವಾಮಿ, ಒಂದು ಬಟನ್ ಒತ್ತಿರಲಿಲ್ಲ. ಅದಕ್ಕೆ ₹1,21,000

ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದೀನಿ.

ಕಾಮಾಕ್ಷಿಪಾಳ್ಯದಲ್ಲಿ ನಮ್ಮದೊಂದು ರಟ್ಟಿನ ಡಬ್ಬ ಮಾಡೋ ಯೂನಿಟ್. ಎರಡು ಮಷೀನು, ಏಳು ಜನ ಕೆಲಸದವರು. ಬೇಕರಿ, ಸ್ವೀಟ್ ಅಂಗಡಿಯವರೇ ನಮ್ಮ ಗಿರಾಕಿಗಳು. 2022-23ರಲ್ಲಿ ವಹಿವಾಟು 2.42 ಕೋಟಿ ಆಯ್ತು. ಕೋಟಿ ಅಂದ ತಕ್ಷಣ ಕಣ್ಣರಳಿಸಬೇಡಿ. ಅದರಲ್ಲಿ ಬಹುಪಾಲು ಪೇಪರ್ ರೀಲಿಗೇ ಹೋಗುತ್ತೆ.

ಈ ವಹಿವಾಟಿಗೆ ಟ್ಯಾಕ್ಸ್ ಆಡಿಟ್ ಯಾಕೆ ಬೇಕಾಯ್ತು ಅನ್ನೋದೇ ಮೊದಲ ಸಂಕಟ. ನಗದು ಬರೋದೂ ನಗದು ಕೊಡೋದೂ ಎರಡೂ ತಲಾ ಶೇಕಡಾ 5ರ ಒಳಗಿದ್ದರೆ 10 ಕೋಟಿವರೆಗೆ ಆಡಿಟ್ ಬೇಡ. ದಾಟಿದರೆ ಮಿತಿ 1 ಕೋಟಿಗೆ ಇಳಿಯುತ್ತೆ. ನಮಗೆ ಶೇಕಡಾ 5 ಅಂದ್ರೆ 12.10 ಲಕ್ಷ. ಬಂದ ನಗದು 13.90 ಲಕ್ಷ. ಗೌರಿ-ಗಣೇಶ, ದೀಪಾವಳಿ ಟೈಮಲ್ಲಿ ಸ್ವೀಟ್ ಅಂಗಡಿಯವರು ಗಲ್ಲಾದಿಂದಲೇ ನೋಟು ತೆಗೆದು ಕೈಗೆ ಹಾಕ್ತಾರೆ, ಬೇಡ ಅಂತ ವಾಪಸ್ ಕೊಡೋಕಾಗುತ್ತಾ? ಆ 1.80 ಲಕ್ಷದ ನಗದು ನಮ್ಮನ್ನ ಆದಾಯ ತೆರಿಗೆ ಕಾಯ್ದೆಯ ಕಡ್ಡಾಯ ಆಡಿಟ್ ಹೇಳೋ 44ಎಬಿ ಸೆಕ್ಷನ್ ಒಳಗೆ ಎಳೆದು ತಂತು.

ಸರಿ, ಕಾನೂನು ಕಾನೂನೇ. ಆಡಿಟ್ ಮಾಡಿಸಿದ್ವಿ. ವರದಿ ಸಲ್ಲಿಸೋಕೆ ಕೊನೇ ದಿನ 2023ರ ಸೆಪ್ಟೆಂಬರ್ 30. ನಮ್ಮ ಆಡಿಟರ್ ಸೆಪ್ಟೆಂಬರ್ 27ಕ್ಕೇ ಸಹಿ ಹಾಕಿ, ಆ ಸಹಿಗೆ ಯುಡಿಐಎನ್ ಅನ್ನೋ ಗುರುತಿನ ನಂಬರ್ ತೆಗೆದು, ಆಡಿಟ್ ವರದಿಯ 3ಸಿಬಿ-3ಸಿಡಿ ಫಾರಂ ಅಪ್‌ಲೋಡ್ ಮಾಡಿದ್ರು. ಮೂರು ದಿನ ಮೊದಲೇ! ನಾವು ಕೆಲಸ ಮುಗೀತು ಅಂದ್ಕೊಂಡ್ವಿ.

ಮುಗಿದಿರಲಿಲ್ಲ. ಆಡಿಟರ್ ತೆರಿಗೆ ಪೋರ್ಟಲ್ಲಿನ ತಮ್ಮ ಲಾಗಿನ್‌ನಲ್ಲಿ ಹಾಕಿದ್ದು ಅರ್ಧ ಕೆಲಸ ಅಷ್ಟೆ. ಆಮೇಲೆ ವ್ಯಾಪಾರಿ ತನ್ನ ಲಾಗಿನ್‌ಗೆ ಹೋಗಿ, Worklist ತೆರೆದು, ಆ ವರದಿಯನ್ನ ಒಪ್ಪಿಕೊಂಡು ಇ-ವೆರಿಫೈ ಮಾಡಬೇಕು. ಆ ದಿನವೇ ಸಲ್ಲಿಸಿದ ದಿನ ಅಂತ ಲೆಕ್ಕ. ಒಪ್ಪಿಕೊಳ್ಳಿ ಅನ್ನೋ ಇಮೇಲು, ಮೆಸೇಜು ಎರಡೂ ಪೋರ್ಟಲ್‌ನಲ್ಲಿ ನೋಂದಾಯಿಸಿದ್ದ ಹಳೇ ಅಕೌಂಟೆಂಟ್ ವಿಳಾಸಕ್ಕೆ ಹೋಗಿವೆ. ಆತ ಜೂನ್‌ನಲ್ಲೇ ಕೆಲಸ ಬಿಟ್ಟಿದ್ದ. ಸಂಪರ್ಕದ ವಿವರ ಬದಲಾಯಿಸದೆ ಬಿಟ್ಟದ್ದು ನನ್ನ ತಪ್ಪೇ, ಒಪ್ತೀನಿ. ಆದರೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 6ರವರೆಗೆ ನಾನು ಅಪ್ಪನ ಬೈಪಾಸ್ ಆಪರೇಷನ್ ಅಂತ ಆಸ್ಪತ್ರೆ ಬೆಂಚಿನ ಮೇಲಿದ್ದೆ. ಆಡಿಟರ್ ಫೋನ್ ಮಾಡಿದಾಗಲೂ "ಆಮೇಲೆ ಮಾತಾಡ್ತೀನಿ ಸಾರ್" ಅಂದಿದ್ದೆ.

ರಿಟರ್ನ್ ತಯಾರು ಮಾಡೋವಾಗ ವಿಷಯ ಗೊತ್ತಾಗಿ ಅಕ್ಟೋಬರ್ 19ಕ್ಕೆ ಒಪ್ಪಿಕೊಂಡೆ. ಹತ್ತೊಂಬತ್ತು ದಿನ ತಡ. ರಿಟರ್ನ್ ಹಾಕಿದ್ದು ಅಕ್ಟೋಬರ್ 28, ಅದರ ಗಡುವು 31. ತೆರಿಗೆ ಒಂದು ಪೈಸೆ ಬಾಕಿ ಇಲ್ಲ. ಸರ್ಕಾರಕ್ಕೆ ಏನು ನಷ್ಟ ಆಯ್ತು, ಯಾರಾದ್ರೂ ಹೇಳಿ.

ಆಮೇಲೊಂದು ದಿನ 271ಬಿ ಅಡಿಯಲ್ಲಿ ನೋಟಿಸು. ದಂಡದ ಲೆಕ್ಕ ಕೇಳಿ: ವಹಿವಾಟಿನ ಶೇಕಡಾ ಅರ್ಧ ಅಥವಾ ಒಂದೂವರೆ ಲಕ್ಷ, ಯಾವುದು ಕಡಿಮೆಯೋ ಅದು. ನಮಗೆ 1,21,000. ಮೂರು ಕೋಟಿ ವಹಿವಾಟಿನವನಿಗೆ ಒಂದೂವರೆ ಲಕ್ಷ, ಮುನ್ನೂರು ಕೋಟಿಯವನಿಗೂ ಅಷ್ಟೇ ಒಂದೂವರೆ ಲಕ್ಷ! ಅದೂ ಲಾಭದ ಮೇಲಲ್ಲ, ವಹಿವಾಟಿನ ಮೇಲೆ. ಪೇಪರ್ ಮಿಲ್‌ಗೆ ಕೊಟ್ಟ ದುಡ್ಡಿಗೂ ನಾನು ದಂಡ ಕಟ್ಟಬೇಕು.

ಈಗ ನಿಜವಾಗಿ ಉರಿಯೋ ಕಥೆ. 273ಬಿ ಅಂತ ಒಂದು ಸೆಕ್ಷನ್ ಇದೆ. ತಪ್ಪಿಗೆ ಸಮಂಜಸ ಕಾರಣ ಇತ್ತು ಅಂತ ಸಾಬೀತು ಮಾಡಿದರೆ ಈ ದಂಡ ಹಾಕುವಂತಿಲ್ಲ. ಸಾಬೀತು ಮಾಡಬೇಕಾದವರು ನಾವು, ಇಲಾಖೆಯಲ್ಲ. ನೋಟಿಸಿಗೆ ಉತ್ತರ ಬರೆಯೋಕೆ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಕಚೇರಿಗೆ ಕೊಟ್ಟೆ. ಎರಡು ಸಾವಿರ ಫೀಸು. ಅಲ್ಲಿನ ಹುಡುಗ ಯಾರದೋ ಹಳೇ ಉತ್ತರದ ಫೈಲ್ ತೆಗೆದು, ಹೆಸರು, ಪ್ಯಾನ್ ಬದಲಾಯಿಸಿ ಹಾಕಿದ: "ಅಕೌಂಟೆಂಟ್ ಕೆಲಸ ಬಿಟ್ಟಿದ್ದರಿಂದ ಹಾಗೂ ಅನಿವಾರ್ಯ ಕಾರಣಗಳಿಂದ ನಿಗದಿತ ದಿನಾಂಕದೊಳಗೆ ಆಡಿಟ್ ಪೂರ್ಣಗೊಳಿಸಲು ಸಾಧ್ಯವಾಗಲಿಲ್ಲ." ಜೊತೆಗೆ ಒಂದೇ ಒಂದು ಕಾಗದ ಲಗತ್ತಿಸಿಲ್ಲ.

ಅಲ್ಲಯ್ಯ, ಆಡಿಟ್ ಸೆಪ್ಟೆಂಬರ್ 27ಕ್ಕೇ ಮುಗಿದಿತ್ತಲ್ಲ! 271ಬಿಯಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ. ಆಡಿಟ್ ಮಾಡಿಸದೇ ಇರೋದು ಒಂದು, ಮಾಡಿಸಿ ವರದಿ ಸಲ್ಲಿಸದೇ ಇರೋದು ಇನ್ನೊಂದು. ನಾನು ಮಾಡಿದ್ದು ಚಿಕ್ಕದು, ಈ ಮಹಾಶಯ ಒಪ್ಪಿಕೊಂಡಿದ್ದು ದೊಡ್ಡದು. ಆದೇಶದಲ್ಲಿ ಅದನ್ನೇ ಎತ್ತಿ ಬರೆದಿದ್ದಾರೆ: ಆಡಿಟ್ ಮುಗಿಸಿಲ್ಲ ಅಂತ ಅವರೇ ಹೇಳಿದ್ದಾರೆ, ಕಾರಣಕ್ಕೆ ಪುರಾವೆ ಕೊಟ್ಟಿಲ್ಲ, ದಂಡ 1,21,000. ಓದಿದಾಗ ಇಲಾಖೆ ಮೇಲಿಗಿಂತ ಜಾಸ್ತಿ ಸಿಟ್ಟು ನನ್ನ ಮೇಲೇ ಬಂತು. ನನ್ನ ಹೆಸರಲ್ಲಿ ಹೋದ ಉತ್ತರವನ್ನ ನಾನೇ ಓದಿರಲಿಲ್ಲ.

ಆದೇಶ ಕೈಗೆ ಬಂದು 30 ದಿನದೊಳಗೆ ಫಾರಂ 35ರಲ್ಲಿ ಮೇಲ್ಮನವಿ ಹಾಕಬೇಕು. ಈ ಸಲ ಆಡಿಟರ್ ಜೊತೆ ಕೂತು ನಾನೇ ಬರೆದೆ. ವರದಿ ಗಡುವಿನ ವಾರ ಕಾವೇರಿ ಗಲಾಟೆ ಇತ್ತಲ್ಲ, ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್, ಅದನ್ನೂ ಸೇರಿಸೋಣ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಬಂದ್‌ಗೆ ಪೋರ್ಟಲ್ ಕೂಡ ಬಾಗಿಲು ಹಾಕಿತ್ತಾ? ಒಂದು ಸುಳ್ಳು ಕಾರಣ ಸೇರಿಸಿದ್ರೆ ನಿಜವಾದ ಎರಡೂ ಹೋಗ್ತವೆ" ಅಂದ್ರು. ತೆಗೆದೆ.

ಬರೆದಿದ್ದು ದಿನಾಂಕಗಳನ್ನ, ಒಂದೊಂದಕ್ಕೂ ಒಂದು ಕಾಗದ. 27ಕ್ಕೆ ಆಡಿಟ್ ಮುಗಿದದ್ದಕ್ಕೆ ಯುಡಿಐಎನ್ ವಿವರ, ಅಪ್‌ಲೋಡ್ ಆದದ್ದಕ್ಕೆ ಆಡಿಟರ್ ಲಾಗಿನ್‌ನ ಪ್ರತಿ. ಅಕೌಂಟೆಂಟ್ ಜೂನ್‌ನಲ್ಲಿ ಹೋದದ್ದಕ್ಕೆ ಆತನ ರಾಜೀನಾಮೆ ಪತ್ರ. ಆಸ್ಪತ್ರೆ ದಿನಗಳಿಗೆ ಅಪ್ಪನ ಡಿಸ್ಚಾರ್ಜ್ ಸಮ್ಮರಿ. "ಅಪ್ಪ 6ಕ್ಕೆ ಮನೆಗೆ ಬಂದ್ರಲ್ಲ, 19ರವರೆಗೆ ಏನ್ ಮಾಡ್ತಿದ್ರಿ?" ಅಂತ ಆಡಿಟರ್ರೇ ಮೊದಲು ಕೇಳಿದ್ರು. ಇಲಾಖೆ ಕೇಳೋದೂ ಇದನ್ನೇ. ವರದಿ ಬಾಕಿ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ, ಗೊತ್ತಾದ ದಿನವೇ ಒಪ್ಪಿಕೊಂಡೆ ಅಂತ ಬರೆದ್ವಿ. ಕೊನೆಗೆ, ಬರೀ ತಾಂತ್ರಿಕ ಲೋಪಕ್ಕೆ ದಂಡ ಹಾಕಲೇಬೇಕು ಅಂತಿಲ್ಲ ಅಂತ 1969ರಲ್ಲೇ ಸುಪ್ರೀಂ ಕೋರ್ಟ್ ಹಿಂದೂಸ್ತಾನ್ ಸ್ಟೀಲ್ ಪ್ರಕರಣದಲ್ಲಿ ಹೇಳಿರೋದನ್ನ ಆಡಿಟರ್ ಸೇರಿಸಿದ್ರು.

ಇಷ್ಟೆಲ್ಲ ಇದ್ದೂ ಮತ್ತೊಂದು ಗೋಡೆ. ಮೊದಲ ಸಲ ಕೊಡದ ದಾಖಲೆಯನ್ನ ಮೇಲ್ಮನವಿಯಲ್ಲಿ ಸುಮ್ನೆ ಹೊಸದಾಗಿ ಕೊಡೋಕೆ ಬಿಡಲ್ಲ. ನಿಯಮ 46ಎ ಅಡಿ, ಆಗ ಯಾಕೆ ಕೊಡೋಕಾಗಲಿಲ್ಲ ಅನ್ನೋದಕ್ಕೂ ಸಾಕಷ್ಟು ಕಾರಣ ತೋರಿಸಬೇಕು. ಅಂದ್ರೆ ಈಗ ನಾನು ತಡ ಆದದ್ದಕ್ಕೊಂದು ಕಾರಣ, ಆ ಕಾರಣ ಹೇಳೋಕೆ ತಡ ಆದದ್ದಕ್ಕೆ ಇನ್ನೊಂದು ಕಾರಣ ಬರೀಬೇಕು!

ಎರಡನೇದಕ್ಕೆ ಆ ಕನ್ಸಲ್ಟೆಂಟ್ ಹತ್ರ "ಉತ್ತರ ತಪ್ಪಾಗಿ ಹಾಕಿದ್ದು ನಾವೇ" ಅಂತ ಒಂದು ಅಫಿಡವಿಟ್ ಕೇಳಿದೀನಿ. ನಾಲ್ಕು ದಿನ ಆಯ್ತು, ಫೋನ್ ಎತ್ತುತ್ತಿಲ್ಲ. ಮೇಲ್ಮನವಿಗೆ ಇನ್ನು ಒಂಬತ್ತು ದಿನ ಇದೆ. ನಾಳೆ ಬೆಳಗ್ಗೆ ಅವರ ಕಚೇರಿ ಬಾಗಿಲು ತೆಗೆಯೋ ಮುಂಚೆನೇ ಹೋಗಿ ಮೆಟ್ಟಿಲ ಮೇಲೆ ಕೂರ್ತೀನಿ.