ಪಂದಿ ಕರಿ ಮುಗೀತಂತೆ, ಪ್ಲೇಟ್ ಮಾತ್ರ ಜಾಸ್ತಿ ಆಯಿತಂತೆ!

ತಂಗಿ ಮದುವೆ ಊಟದಲ್ಲಿ ಒಂದೂಕಾಲು ಗಂಟೆಗೇ ಪಂದಿ ಕರಿ ಟ್ರೇ ಖಾಲಿ. ಇನ್ನೂ ಮಾವ ಊಟ ಮಾಡಿರಲಿಲ್ಲ. ಅಮ್ಮನ ಅಣ್ಣ ಅವರು, ಬೆಳಿಗ್ಗೆಯಿಂದ ಬಂದವರನ್ನೆಲ್ಲ ಮಾತಾಡಿಸುತ್ತಾ ಬಾಗಿಲಲ್ಲೇ ನಿಂತಿದ್ದವರು. ಎಲ್ಲರದ್ದೂ ಆದ ಮೇಲೆ ಪ್ಲೇಟ್ ಹಿಡಿದು ಬಂದರು. ಎರಡು ಕಡಂಬಿಟ್ಟು ಹಾಕಿಕೊಂಡರು. ಮುಂದಿನ ಟ್ರೇ ಹತ್ತಿರ ಕೈ ಚಾಚಿದರು. ಆ ಹುಡುಗ ಸೌಟಿನಿಂದ ತಳ ಕೆರೆದು ಒಂದು ಮೂಳೆ, ಸ್ವಲ್ಪ ಕಪ್ಪು ರಸ ಹಾಕಿದ. ಆ ಕೆರೆದ ಶಬ್ದ ಈಗಲೂ ಕಿವಿಯಲ್ಲಿದೆ.

ನಾನು ಓಡಿ ಹೋಗಿ ಕೇಟರಿಂಗ್ ಮ್ಯಾನೇಜರ್‌ನ ಕೇಳಿದೆ. ಮೆಲ್ಲಗೇ ಕೇಳಿದೆ. ಅವನು ಫೋನ್ ತೆಗೆದು ಕೊಟೇಶನ್ ತೋರಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಸಾರ್, ಪ್ಲೇಟಿಗೆ ನೂರೈವತ್ತು ಗ್ರಾಂ ಅಂತ ನೀವೇ ಒಪ್ಪಿದ್ದೀರಲ್ಲ. ತೊಂಬತ್ತು ಕೇಜಿ ತಂದಿದ್ದೀವಿ." ಗಂಡಿನ ಕಡೆಯವರು ಪಕ್ಕದ ಟೇಬಲ್‌ನಲ್ಲಿದ್ದರು. ಮಾವ ತಲೆ ಎತ್ತಲಿಲ್ಲ. "ಬಿಡು ಮಗ, ಕೋಳಿ ಇದೆಯಲ್ಲ" ಅಂದರು. ಬೈದಿದ್ದರೆ ಪರವಾಗಿರಲಿಲ್ಲ.

ಒಪ್ಪಿದ್ದು ನಿಜ. ಸಹಿ ನನ್ನದೇ. 600 ಪ್ಲೇಟ್, ತಲಾ 480 ರೂಪಾಯಿ. ಪಂದಿ ಕರಿ, ಕೋಳಿ, ಕಡಂಬಿಟ್ಟು, ನೂಪುಟ್ಟು, ತುಪ್ಪದನ್ನ, ಪಾಯಸ ಎಲ್ಲಾ ಬರೆದಿತ್ತು. ಆದರೆ ಆ 150 ಗ್ರಾಂ ಹಸಿ ಮಾಂಸದ ತೂಕ ಅಂತ ಎಲ್ಲಿ ಬರೆದಿತ್ತು? ಚರ್ಮ, ಮೂಳೆ, ಕೊಬ್ಬು ಸೇರಿದ ತೂಕ ಅದು. ಬೇಯುವಾಗ ನೀರು, ಕೊಬ್ಬು ಇಳಿದು ಮೂರರಲ್ಲಿ ಒಂದು ಪಾಲು ಹೋಗುತ್ತದೆ. 90 ಕೇಜಿ ಹೋಗಿ 60 ಆಗುತ್ತದೆ. ಅಂದ್ರೆ ತಲೆಗೆ 100 ಗ್ರಾಂ, ಅದರಲ್ಲೂ ಮೂಳೆ. ನಮ್ಮ ಕೊಡಗಿನ ಮದುವೆಯಲ್ಲಿ ಪಂದಿ ಕರಿಯನ್ನು ಯಾರು ಅಳೆದು ಹಾಕಿಕೊಳ್ಳುತ್ತಾರೆ? ಮೊದಲ ಇನ್ನೂರು ಜನ ಇನ್ನೂರು ಗ್ರಾಂ ಹಾಕಿಕೊಂಡರೂ ಕೊನೆಯವರಿಗೆ ಬರೀ ರಸ. ಊರೂರು ಮದುವೆಗೆ ಅಡುಗೆ ಮಾಡುವವನಿಗೆ ಇದು ಗೊತ್ತಿರಲಿಲ್ವಾ? "ಇದು ಸಾಲೋದಿಲ್ಲ ಸಾರ್" ಅಂತ ಒಂದು ಮಾತು ಹೇಳಿದ್ದರೆ ಇನ್ನೂ 40 ಕೇಜಿಗೆ ದುಡ್ಡು ಕೊಡುತ್ತಿದ್ದೆ.

ಹೋಗಲಿ ಅಂದುಕೊಂಡೆ. ಮದುವೆ ಆಯಿತು, ತಂಗಿ ಖುಷಿಯಾಗಿ ಹೋದಳು, ಇನ್ನೇನು ಬೇಕು ಅಂತ.

ಇವತ್ತು ಬಿಲ್ ಬಂದಿದೆ. 655 ಪ್ಲೇಟ್. ಯಾವ ಲೆಕ್ಕ ಅಂದ್ರೆ, ತಂದಿದ್ದು 700, ಎತ್ತದೆ ಉಳಿದಿದ್ದು 45, ಹಾಗಾಗಿ 655. ಹೆಚ್ಚುವರಿ 55 ಪ್ಲೇಟಿಗೆ 26,400 ರೂಪಾಯಿ. ಬಫೆಯಲ್ಲಿ ಮಾಂಸ ತಿಂದವರು ಪಾಯಸಕ್ಕೆ ಹೊಸ ಪ್ಲೇಟ್ ಎತ್ತಿಕೊಂಡರೆ ಅದೂ ಒಂದು ಊಟ. ಮಗು ಪ್ಲೇಟ್ ಬೀಳಿಸಿ ಇನ್ನೊಂದು ತಗೊಂಡರೆ ಅದೂ ಒಂದು ಊಟ.

ಯಾರಾದರೂ ನನಗೆ ಉತ್ತರ ಹೇಳಿ. 655 ಜನ ಉಂಡಿದ್ದಾರೆ ಅಂದ ಮೇಲೆ ಆ 55 ಜನರ ಪಂದಿ ಕರಿ ಎಲ್ಲಿ? ಮಾಂಸ ತರುವಾಗ 600ರ ಲೆಕ್ಕ, ದುಡ್ಡು ಕೇಳುವಾಗ 655ರ ಲೆಕ್ಕ. ಇದನ್ನೇ ಕೇಳಿದೆ. "ಗ್ಯಾರಂಟಿ ಪ್ಲೇಟಿಗಿಂತ ಜಾಸ್ತಿ ಆದರೆ ಚಾರ್ಜ್ ಅಂತ ಹಾಕಿದೆಯಲ್ಲ ಸಾರ್" ಅಂದ. ಹೌದು, ಹಾಕಿದೆ. ಎಣಿಸುವುದು ಜನರನ್ನಲ್ಲ, ಪ್ಲೇಟನ್ನು ಅಂತ ಹಾಕಿಲ್ಲ.

ಕೊನೆಯ ಪುಟದಲ್ಲಿ "ಸೇರಿಲ್ಲ" ಅಂತ ಒಂದು ಸಾಲು ಬೇರೆ: ಗ್ಯಾಸ್, ನೀರು, ಜಿಎಸ್‌ಟಿ, ಎಂಜಲು ಪ್ಲೇಟ್ ಎತ್ತುವುದು. ಗ್ಯಾಸ್, ನೀರು ಅರ್ಥ ಆಗುತ್ತದೆ. ಎಂಜಲು ಪ್ಲೇಟ್? ಲೇಬರ್ ಅಂತ ಹತ್ತು ಜನ ಬರೆದಿದ್ದರು, ಹತ್ತೂ ಜನ ಕೌಂಟರ್‌ನಲ್ಲೇ ನಿಂತಿದ್ದರು. ಟೇಬಲ್ ಮೇಲೆ ರಾಶಿ ಬಿದ್ದಾಗ ಕುಪ್ಯ ಚೇಲೆ ತೊಟ್ಟು, ಪೀಚೆಕತ್ತಿ ಸಿಕ್ಕಿಸಿಕೊಂಡು ನಾನು, ಚಿಕ್ಕಪ್ಪನ ಮಗ ಎತ್ತಿದೆವು. ನಮ್ಮ ಮನೆ ಮದುವೆ, ನಾಚಿಕೆ ಏನಿಲ್ಲ. ಆದರೆ ಗಂಡಿನ ಚಿಕ್ಕಮ್ಮ ಎದ್ದು ಬಂದು "ಕೊಡಿ, ನಾನೂ ಎತ್ತುತ್ತೇನೆ" ಅಂದಾಗ ನೆಲ ಸೀಳಿ ಒಳಗೆ ಹೋಗಬೇಕು ಅನಿಸಿತು.

ದುಡ್ಡು ಕೊಟ್ಟುಬಿಡುತ್ತೇನೆ. ಜಗಳ ಮಾಡಿ ಏನು ಸಿಗುತ್ತದೆ? ಇಲ್ಲ, ಆ 26,400 ಕೊಡುವುದಿಲ್ಲ. ಸೋಮವಾರ ಬರ್ತೀನಿ ಅಂದಿದ್ದಾನೆ. ಬರಲಿ. 55 ಊಟದ ಪಂದಿ ತೂಕದ ಚೀಟಿ ತೋರಿಸಲಿ, ಅಲ್ಲೇ ಎಣಿಸಿ ಕೊಡುತ್ತೇನೆ.

ಮಾವನಿಗೆ ಇನ್ನೂ ಫೋನ್ ಮಾಡಿಲ್ಲ. ಏನಂತ ಮಾಡಲಿ?