ಪಾಸ್‌ಪೋರ್ಟ್ ಕಳೆದರೆ ದೂರಿನಲ್ಲಿ ಏನು ಬರೆಯಬೇಕು?

ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮನ ಮಗಳ ಬ್ಯಾಗು ಶಿವಮೊಗ್ಗದಿಂದ ಊರಿಗೆ ಹೋಗುವ ಬಸ್ಸಿನಲ್ಲಿ ಕಳೆಯಿತು. ಪಾಸ್‌ಪೋರ್ಟ್ ಅದರಲ್ಲೇ ಇತ್ತು. ಠಾಣೆಗೆ ಹೋಗಿ "ಬಸ್ಸಿನಲ್ಲಿ ಬ್ಯಾಗು ಮತ್ತು ದಾಖಲೆಗಳು ಕಳೆದುಹೋಗಿವೆ" ಎಂದು ಬರೆದುಕೊಟ್ಟು ಸ್ವೀಕೃತಿ ಪಡೆದಳು. ಪಾಸ್‌ಪೋರ್ಟ್ ಕಚೇರಿಯಲ್ಲಿ ಆ ಕಾಗದ ನಡೆಯಲಿಲ್ಲ. ನಡೆಯದಿದ್ದದ್ದು ಸರಿಯೇ ಎಂದು ನನಗೆ ಅನಿಸುತ್ತದೆ, ಏಕೆಂದರೆ ಯಾವ ಪಾಸ್‌ಪೋರ್ಟ್ ಕಳೆಯಿತು ಎಂಬುದೇ ಅದರಲ್ಲಿ ಇರಲಿಲ್ಲ.

ದೂರಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ, ನೀಡಿದ ದಿನಾಂಕ, ನೀಡಿದ ಸ್ಥಳ, ಕಳೆದ ದಿನ ಮತ್ತು ಜಾಗ ಇರಲೇಬೇಕು. ಸಂಖ್ಯೆ ನೆನಪಿಲ್ಲದವರು ಹಳೆಯ ವಿಮಾನ ಟಿಕೆಟ್, ವೀಸಾ ಪ್ರತಿ, ಮೊಬೈಲಿನಲ್ಲಿ ಯಾರಿಗೋ ಕಳುಹಿಸಿದ ಫೋಟೊ ಹುಡುಕಬೇಕು. ಅವಳಿಗೆ ಸಿಕ್ಕಿದ್ದು ವೀಸಾ ಪ್ರತಿಯಲ್ಲಿ. ಕೇವಲ ಕಳೆದಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ಮೊಬೈಲಿನಿಂದಲೂ ವರದಿ ಪಡೆಯಬಹುದು. ಕದ್ದಿದ್ದಾರೆ ಎಂಬುದು ಖಚಿತವಾಗಿದ್ದರೆ ಮಾತ್ರ ಬೇರೆ ದಾರಿ: ಅದು ಅಪರಾಧ, ಎಫ್‌ಐಆರ್ ಆಗಬೇಕು. ರಗಳೆ ಬೇಡವೆಂದು ಕಳ್ಳತನವನ್ನು "ಕಳೆದಿದೆ" ಎಂದು ಬರೆಯುವುದನ್ನು ದಯವಿಟ್ಟು ಬಿಡಿ.

ನಂತರ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಹೊಸದಕ್ಕಲ್ಲ, ಮರುವಿತರಣೆಗೆ, ಅಂದರೆ Re-issue of Passport ಎಂಬಲ್ಲಿ ಅರ್ಜಿ ಹಾಕಬೇಕು. ಕಾರಣ Lost Passport. ವಯಸ್ಕರ 36 ಪುಟಗಳ ಸಾಮಾನ್ಯ ಪುಸ್ತಕಕ್ಕೆ 3000 ರೂಪಾಯಿ, ಅಂದರೆ ಮೊದಲ ಬಾರಿಯ ಶುಲ್ಕದ ಎರಡರಷ್ಟು. ವಿಳಾಸ ಮತ್ತು ಜನ್ಮದಿನಾಂಕದ ಪುರಾವೆ, ಮೂಲ ಪೊಲೀಸ್ ವರದಿ, ಅನೆಕ್ಸರ್ ಎಫ್ ಬೇಕು. ಅನೆಕ್ಸರ್ ಎಫ್ ಎಂದರೆ ಪಾಸ್‌ಪೋರ್ಟ್ ಎಲ್ಲಿ, ಹೇಗೆ ಕಳೆಯಿತು, ಮೊದಲೂ ಕಳೆದಿತ್ತೇ ಎಂದು ನೀವೇ ಬರೆದುಕೊಡುವ ಘೋಷಣೆ. ಅದಕ್ಕೆ ಬಿಳಿ ಹಾಳೆ ಸಾಕು, ನೋಟರಿ ಬೇಡ. ಆದರೂ ಇವಳಿಂದ ಛಾಪಾ ಕಾಗದ, ನೋಟರಿ ಎಂದು ಹಣ ಕಿತ್ತುಕೊಂಡವರಿದ್ದಾರೆ. ಊರಿನಿಂದ ಬಸ್ ಹತ್ತಿ ಬಂದ ಹೆಣ್ಣುಮಗಳ ಕೈಯಿಂದ ಹೀಗೆ ಕೀಳುವುದು ನನಗೆ ಸಹಿಸಲಾಗದ ಸಂಗತಿ. ಘೋಷಣೆಯಲ್ಲಿ ಬರೆದದ್ದೂ ಪೊಲೀಸ್ ವರದಿಯೂ ಒಂದೇ ಮಾತು ಹೇಳಬೇಕು. ಒಂದರಲ್ಲಿ ಬಸ್, ಇನ್ನೊಂದರಲ್ಲಿ ನಿಲ್ದಾಣ ಎಂದಿದ್ದರೆ ಪ್ರಶ್ನೆ ಏಳುತ್ತದೆ.

ಪೊಲೀಸ್ ಪರಿಶೀಲನೆಗೆ ಅರ್ಜಿಯಲ್ಲಿ ಬರೆದ ವಿಳಾಸದಲ್ಲಿ ನೀವು ಸಿಗಬೇಕು. ಶಿವಮೊಗ್ಗದಲ್ಲಿ ಬಾಡಿಗೆಗಿದ್ದು ತೀರ್ಥಹಳ್ಳಿಯ ವಿಳಾಸ ಕೊಟ್ಟರೆ ಅಲ್ಲಿಯೇ ತಡವಾಗುತ್ತದೆ. ಇವಳು ಈಗಿರುವ ಮನೆಯ ವಿಳಾಸವನ್ನೇ ಕೊಟ್ಟಳು.

ಕೆಲವು ವಾರಗಳ ನಂತರ ಬ್ಯಾಗು ಸಿಕ್ಕಿತು, ಪಾಸ್‌ಪೋರ್ಟ್ ಸಮೇತ. ಮನೆಯವರು "ಅರ್ಜಿ ಹಿಂದಕ್ಕೆ ತೆಗೆದುಕೊ" ಎಂದರು. ಆದರೆ ಕಳೆದಿದೆ ಎಂದು ವರದಿಯಾಗಿ ರದ್ದಾದ ಪಾಸ್‌ಪೋರ್ಟಿಗೆ ಮತ್ತೆ ಜೀವ ಬರುವುದಿಲ್ಲ. ಅದರಲ್ಲಿ ಪ್ರಯಾಣ ಹೊರಟರೆ ವಲಸೆ ತಪಾಸಣೆಯಲ್ಲೇ ತಡೆಯುತ್ತಾರೆ. ಅದನ್ನು ಪಾಸ್‌ಪೋರ್ಟ್ ಕಚೇರಿಗೆ ಒಪ್ಪಿಸಬೇಕು. ಆದ್ದರಿಂದ ವರದಿ ಕೊಡುವ ಮೊದಲು ಬಸ್ ಡಿಪೋ, ಕಂಡಕ್ಟರ್, ಇಳಿದ ಜಾಗದ ಅಂಗಡಿಯವರನ್ನೆಲ್ಲ ವಿಚಾರಿಸಿ. ಸಿಗದಿದ್ದರೆ ಮಾತ್ರ ತಡಮಾಡದೆ ಠಾಣೆಗೆ ಹೋಗಿ.